ಶೈಲಿಯೇ ನಕಲಾದಾಗ: ತಡೆಯುವುದೇ, ರೂಪ ಬದಲಿಸುವುದೇ, ಗುರುತನ್ನು ಗಟ್ಟಿ ಮಾಡುವುದೇ?

ಚಳ್ಳಕೆರೆ ಸೀಮೆಯಲ್ಲಿ ಮರದ ಗಾಣದಿಂದ ಶೇಂಗಾ ಎಣ್ಣೆ ತೆಗೆದು ಬೆಂಗಳೂರು, ದಾವಣಗೆರೆಗಳ ಮನೆಗಳಿಗೆ ಕಳುಹಿಸುವ ಒಂದು ಚಿಕ್ಕ ಉದ್ಯಮವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಅದರ ಒಡತಿ ಪ್ರತಿ ಮಂಗಳವಾರ ಇನ್‌ಸ್ಟಾಗ್ರಾಂನಲ್ಲಿ ಒಂದೇ ಬಗೆಯ ವಿಡಿಯೊ ಹಾಕುತ್ತಾರೆ. ಮೊದಲ ದೃಶ್ಯದಲ್ಲಿ ಒಂದು ಕಪ್ಪು ಸ್ಲೇಟು ಕಾಣುತ್ತದೆ. ಅದರ ಮೇಲೆ ಬಳಪದಲ್ಲಿ ಅಂದಿನ ತಾರೀಖು, ಗಾಣಕ್ಕೆ ಹಾಕಿದ ಬೀಜದ ತೂಕ, ಇಳಿದ ಎಣ್ಣೆಯ ಲೀಟರು. ಹಿನ್ನೆಲೆ ಸಂಗೀತವಿಲ್ಲ, ಗಾಣ ತಿರುಗುವ ಸದ್ದು ಮಾತ್ರ. ಕೊನೆಯಲ್ಲಿ ಅವರ ಅತ್ತೆ ಊರಿನ ಮಾತಿನಲ್ಲಿಯೇ, "ಈ ಸಲ ಬೀಜ ಸಣ್ಣಕೈತೆ, ಎಣ್ಣೆ ಕಮ್ಮಿ ಇಳೀತು" ಎಂಬಂತಹ ಒಂದೆರಡು ಮಾತು ಹೇಳುತ್ತಾರೆ. ಇದರ ಜೊತೆಗೆ ಖಾಲಿ ಗಾಜಿನ ಸೀಸೆಯನ್ನು ಮರಳಿಸಿದವರಿಗೆ ಮುಂದಿನ ಖರೀದಿಯಲ್ಲಿ 30 ರೂಪಾಯಿ ಕಡಿಮೆ ಮಾಡುವ ಒಂದು ಅಭಿಯಾನವೂ ನಡೆಯುತ್ತಿದೆ.

ಆರು ತಿಂಗಳಲ್ಲಿ ಇದು ಜನರ ಗಮನ ಸೆಳೆಯುತ್ತದೆ, ಏಳನೆಯ ತಿಂಗಳಲ್ಲಿ ಹೆಚ್ಚು ಬಂಡವಾಳವಿರುವ ಇನ್ನೊಂದು ಎಣ್ಣೆ ಬ್ರ್ಯಾಂಡು ಅದೇ ಸ್ಲೇಟು, ಅದೇ ಕೋನದ ಚಿತ್ರೀಕರಣ, ಅದೇ ಸೀಸೆ ಮರಳಿಸುವ ಯೋಜನೆಯೊಂದಿಗೆ ಬರುತ್ತದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುವುದು ಸಹಜ. ಆದರೆ ಆ ವಾರದಲ್ಲಿ ತೆಗೆದುಕೊಳ್ಳುವ ನಿರ್ಧಾರವೇ ನಕಲಿಗಿಂತ ಹೆಚ್ಚು ಹಾನಿ ಮಾಡುವುದುಂಟು. ಏಕೆಂದರೆ ಸಿಟ್ಟಿನಲ್ಲಿರುವ ಚಿಕ್ಕ ಉದ್ಯಮಿಯು ಸಾಮಾನ್ಯವಾಗಿ ಗ್ರಾಹಕರು ತನ್ನನ್ನು ಗುರುತಿಸಲು ಬಳಸುತ್ತಿದ್ದ ಕುರುಹನ್ನೇ ಮೊದಲು ಕೈಬಿಡುತ್ತಾನೆ. ಈ ಬರಹದಲ್ಲಿ ಅವರ ಮುಂದಿರುವ ದಾರಿಗಳನ್ನು ಒಂದೊಂದಾಗಿ ಹೋಲಿಸಿ, ಯಾವುದು ಯಾವ ಸ್ಥಿತಿಗೆ ಹೊಂದುತ್ತದೆ ಎಂದು ನೋಡುತ್ತೇನೆ. ಮುಂದೆ ಈ ಉದಾಹರಣೆಯಲ್ಲಿ ಬರುವ ಎಣಿಕೆಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು.

ನಕಲಾಗಿರುವುದು ಯಾವ ಪದರ?

ದಾರಿ ಆರಿಸುವ ಮೊದಲು ನಕಲನ್ನು ಬಿಡಿಸಿ ನೋಡಬೇಕು. ಎದುರಾಳಿಯು ನಿಮ್ಮ ವಿಡಿಯೊದ ತುಣುಕನ್ನೇ, ನಿಮ್ಮ ಫೋಟೊವನ್ನೇ, ನೀವು ಬರೆದ ಸಾಲುಗಳನ್ನೇ ಎತ್ತಿ ಹಾಕಿದ್ದರೆ ಅದು ಒಂದು ಪದರ. ನಿಮ್ಮ ಹೆಸರು, ಲಾಂಛನ ಅಥವಾ ಸೀಸೆಯ ಒಟ್ಟು ನೋಟಕ್ಕೆ ಹತ್ತಿರವಾಗಿ ತನ್ನದನ್ನು ಮಾಡಿಕೊಂಡಿದ್ದರೆ ಅದು ಎರಡನೆಯದು. ಸ್ಲೇಟು ಹಿಡಿಯುವುದು, ಸಂಗೀತವಿಲ್ಲದೆ ಚಿತ್ರಿಸುವುದು, ಹಿರಿಯರ ಬಾಯಲ್ಲಿ ಮಾತಾಡಿಸುವುದು ಇವೆಲ್ಲ ಮೂರನೆಯ ಪದರ, ಅಂದರೆ ಹೇಳುವ ರೀತಿ. ಸೀಸೆ ಮರಳಿಸಿದರೆ ರಿಯಾಯಿತಿ ಎಂಬುದು ನಾಲ್ಕನೆಯದು, ಬರಿಯ ಯೋಚನೆ.

ನಮ್ಮ ಒಡತಿಯ ಪ್ರಕರಣದಲ್ಲಿ ಎದುರಾಳಿಯು ಒಂದು ಫೋಟೊವನ್ನು ಮಾತ್ರ ನೇರವಾಗಿ ಎತ್ತಿದ್ದಾನೆ. ಉಳಿದದ್ದೆಲ್ಲ ಮೂರನೆಯ ಮತ್ತು ನಾಲ್ಕನೆಯ ಪದರದ್ದು. ಮೊದಲೆರಡು ಪದರಗಳಿಗೆ ಕಾನೂನಿನಲ್ಲಿ ಬಾಗಿಲಿದೆ, ಕೊನೆಯ ಎರಡಕ್ಕೆ ಬಹುಮಟ್ಟಿಗೆ ಇಲ್ಲ.

ತಡೆಯುವ ದಾರಿ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಯೋಚನೆಯನ್ನು ರಕ್ಷಿಸುವುದಿಲ್ಲ, ಆ ಯೋಚನೆಯು ತಳೆದ ನಿರ್ದಿಷ್ಟ ರೂಪವನ್ನು ರಕ್ಷಿಸುತ್ತದೆ. ಒಂದು ನಾಟಕವನ್ನು ಚಲನಚಿತ್ರವೊಂದು ನಕಲು ಮಾಡಿತೆಂಬ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ವಸ್ತು ಒಂದೇ ಆಗಿದ್ದರೂ ಅದನ್ನು ಬೇರೆ ರೀತಿಯಲ್ಲಿ ನಿರ್ವಹಿಸಿದ್ದರೆ ಅದು ಉಲ್ಲಂಘನೆಯಲ್ಲ. ಆದುದರಿಂದ "ಸ್ಲೇಟಿನ ಮೇಲೆ ಲೆಕ್ಕ ಬರೆಯುವ ಕಲ್ಪನೆ ನನ್ನದು" ಎಂದು ನೋಟಿಸು ಕಳುಹಿಸುವುದಕ್ಕೆ ಖರ್ಚು ಮಾಡುವ ಹಣ ಬಹುಪಾಲು ವ್ಯರ್ಥ. ಅಷ್ಟೇ ಅಲ್ಲ, ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದವರ ಮೇಲೆಯೇ ಎದುರಿನವರು ದಾವೆ ಹೂಡಲು ಅದೇ ಕಾಯ್ದೆಯ 60ನೆಯ ಕಲಮಿನಲ್ಲಿ ಅವಕಾಶವಿದೆ.

ಎತ್ತಿಕೊಂಡ ಫೋಟೊದ ವಿಷಯ ಬೇರೆ. ಇನ್‌ಸ್ಟಾಗ್ರಾಂನ ಕೃತಿಸ್ವಾಮ್ಯ ದೂರಿನ ನಮೂನೆಯನ್ನು ಹಕ್ಕಿನ ಒಡೆಯರು ಅಥವಾ ಅವರ ಅಧಿಕೃತ ಪ್ರತಿನಿಧಿ ತುಂಬಿ ಕಳುಹಿಸಬಹುದು. ಭಾರತದ ನಿಯಮಗಳಂತೆ ಲಿಖಿತ ದೂರು ಬಂದು, ಅದು ಸಮರ್ಪಕವೆಂದು ಕಂಡರೆ, ಮಧ್ಯವರ್ತಿ ಸಂಸ್ಥೆಯು 36 ಗಂಟೆಗಳೊಳಗೆ ಆ ವಸ್ತುವನ್ನು ತಡೆಹಿಡಿಯಬೇಕು. 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅದನ್ನು ಮತ್ತೆ ತೆರೆಯಬಹುದು. ವಕೀಲರಿಲ್ಲದೆಯೂ ಮಾಡಬಹುದಾದ ಕೆಲಸವಿದು.

ಇಲ್ಲಿ ಚಿಕ್ಕ ಉದ್ಯಮಗಳು ಎಡವುವುದು ಬೇರೊಂದು ಕಡೆ. ದೂರು ಕೊಡುವಾಗ "ಈ ಕೃತಿ ನಿಮ್ಮದೇ?" ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಬಾರಿ "ಅಲ್ಲ" ಎಂದಿರುತ್ತದೆ, ಮತ್ತು ಅದು ಅವರಿಗೆ ಗೊತ್ತಿರುವುದಿಲ್ಲ. ಸಂಬಳ ಪಡೆಯುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಬೇರೆ ಒಪ್ಪಂದವಿಲ್ಲದಿದ್ದರೆ ಮಾಲೀಕರದು. ಹಣ ಕೊಟ್ಟು ತೆಗೆಸಿದ ಫೋಟೊ ಮತ್ತು ಚಿತ್ರೀಕರಣವೂ ಹಾಗೆಯೇ ತೆಗೆಸಿದವರದು. ಆದರೆ ಹೊರಗಿನ ಬರಹಗಾರರಿಂದ ಬರೆಸಿದ ಸಾಲುಗಳ ಹಕ್ಕು, ಲಿಖಿತ ವರ್ಗಾವಣೆಯಾಗದ ಹೊರತು ಬರೆದವರಲ್ಲಿಯೇ ಉಳಿಯುತ್ತದೆ. ಆ ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳಿಗೆ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಗ್ರಹಿಸುತ್ತದೆ. ವಿದೇಶದಲ್ಲಿರುವ ಕನ್ನಡಿಗರಿಗೂ ಎಣ್ಣೆ ಕಳುಹಿಸುವ ಆಲೋಚನೆ ಇರುವವರು ಈ ಎರಡು ಸಾಲುಗಳನ್ನು ಬರೆಸಿಕೊಳ್ಳಲು ಮರೆಯಬಾರದು. ಲಾಂಛನ ಬರೆದ ಪರಿಚಯದ ಹುಡುಗನಿಂದ ಒಂದು ಪುಟದ ಸಹಿ ಪಡೆಯುವುದು ಸಂಕೋಚದ ಕೆಲಸವೆನ್ನಿಸಬಹುದು. ಆದರೆ ಜಗಳವಾದ ಮೇಲೆ ಅದನ್ನು ಪಡೆಯುವುದು ಇನ್ನೂ ಕಷ್ಟ.

ಹೆಸರು ಮತ್ತು ಲಾಂಛನಗಳಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ನೋಂದಣಿ ಇದೆ. ಅಡುಗೆ ಎಣ್ಣೆ 29ನೆಯ ವರ್ಗಕ್ಕೆ ಸೇರುತ್ತದೆ. ವ್ಯಕ್ತಿಗಳು, ಸ್ಟಾರ್ಟಪ್‌ಗಳು ಮತ್ತು ಸಣ್ಣ ಉದ್ಯಮಗಳು ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ ಕಟ್ಟಬೇಕು, ನೋಂದಣಿ 10 ವರ್ಷ ನಡೆದು ನವೀಕರಣವಾಗುತ್ತದೆ. ಆದರೆ "ಗಾಣದ ಎಣ್ಣೆ" ಎಂಬಂತೆ ಸರಕನ್ನೇ ವರ್ಣಿಸುವ ಹೆಸರು ಅಲ್ಲಿ ಸುಲಭವಾಗಿ ದಕ್ಕುವುದಿಲ್ಲ. ಮಂಗಳವಾರದ ಸರಣಿಗೆ "ಇಂದಿನ ಗಾಣ" ಎಂದು ಹೆಸರಿಟ್ಟರೆ ಅದು ಎಲ್ಲರ ಸೊತ್ತು. ಸರಕನ್ನು ವರ್ಣಿಸದ, ತಾವೇ ಕಟ್ಟಿದ ಹೆಸರಿಟ್ಟಿದ್ದರೆ ಕಾಪಾಡಿಕೊಳ್ಳಬಹುದಿತ್ತು. ಅಭಿಯಾನ ಶುರುವಾಗುವ ಮುನ್ನ ಮಾಡಬೇಕಾದ ಯೋಚನೆಯಿದು.

ಜಾಹೀರಾತಿನ ವಿನ್ಯಾಸ, ಘೋಷವಾಕ್ಯ, ದೃಶ್ಯಗಳು ಇನ್ನೊಬ್ಬರ ಹಿಂದಿನ ಜಾಹೀರಾತನ್ನು ಕೃತಿಚೌರ್ಯವೆನ್ನಿಸುವಷ್ಟು ಹೋಲಬಾರದೆಂದು 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನಕ ಮಂಡಳಿಯ ಸಂಹಿತೆ ಹೇಳುತ್ತದೆ. ಕಾಯ್ದೆ ಕೈಬಿಟ್ಟ ಮೂರನೆಯ ಪದರವನ್ನು ಒಂದಿಷ್ಟಾದರೂ ಮುಟ್ಟುವುದು ಇದೊಂದೇ. ಅದು ಉದ್ಯಮದ ಸ್ವನಿಯಂತ್ರಣ ಸಂಸ್ಥೆ, ನ್ಯಾಯಾಲಯವಲ್ಲ. ಆದರೂ ಘೋಷವಾಕ್ಯ ಮತ್ತು ದೃಶ್ಯ ಎರಡೂ ಸೇರಿ ಹೋಲುತ್ತಿದ್ದರೆ ಅಲ್ಲಿಗೆ ದೂರು ಕೊಡುವುದು ಯೋಗ್ಯ.

ಸಾಮಾಜಿಕ ಜಾಲತಾಣದಲ್ಲಿ ಎದುರಾಳಿಯ ಹೆಸರು ಹಿಡಿದು "ಕಳ್ಳರು" ಎಂದು ಬರೆಯುವುದನ್ನು ನಾನು ತಡೆಯುವ ದಾರಿಗಳಲ್ಲಿ ಎಣಿಸುವುದಿಲ್ಲ. ಅದರಿಂದ ಎರಡು ದಿನ ಸಹಾನುಭೂತಿ ಸಿಗುತ್ತದೆ, ಮಾನನಷ್ಟದ ಅಪಾಯ ಉಳಿಯುತ್ತದೆ, ಮತ್ತು ಅದುವರೆಗೆ ಆ ಬ್ರ್ಯಾಂಡಿನ ಹೆಸರೇ ಕೇಳಿರದ ನಿಮ್ಮ ಗ್ರಾಹಕರಿಗೆ ಅದನ್ನು ನೀವೇ ಪರಿಚಯಿಸಿದಂತಾಗುತ್ತದೆ.

ರೂಪ ಬದಲಿಸುತ್ತ ಹೋಗುವ ದಾರಿ

ಎರಡನೆಯ ದಾರಿಯ ತರ್ಕ ಸರಳ: ಅವರು ನಕಲು ಮಾಡುವಷ್ಟರಲ್ಲಿ ನಾವು ಹೊಸದಕ್ಕೆ ಹೋಗಿರೋಣ. ಆದರೆ ಈ ಓಟದಲ್ಲಿ ಚಿಕ್ಕವರಿಗೆ ಅನುಕೂಲವಿಲ್ಲ. 2019ರ ಜುಲೈನಲ್ಲಿ ಝೊಮ್ಯಾಟೊ, ಆಗಾಗ ಮನೆಯ ಊಟವನ್ನೂ ಮಾಡಬೇಕು ಎಂಬ ಅರ್ಥದ ಒಂದು ಸಾಲಿನ ಟ್ವೀಟ್ ಮಾಡಿತು. ಸ್ವಲ್ಪ ಹೊತ್ತಿನಲ್ಲಿಯೇ ಹಲವು ದೊಡ್ಡ ಬ್ರ್ಯಾಂಡುಗಳು ಅದೇ ಅಚ್ಚಿನಲ್ಲಿ ತಮ್ಮ ತಮ್ಮ ಸಾಲುಗಳನ್ನು ಹಾಕಿದವು. ರೂಪವೊಂದನ್ನು ನಕಲು ಮಾಡಲು ಗಂಟೆಗಳು ಸಾಕು, ಅದನ್ನು ಜನರ ನೆನಪಿನಲ್ಲಿ ಊರಿಸಲು ತಿಂಗಳುಗಳು ಬೇಕು.

ಸ್ಲೇಟನ್ನು ಬಿಟ್ಟು ಹಾಸ್ಯದ ರೀಲ್ಸ್‌ಗೆ, ಅಲ್ಲಿಂದ ಪಾಕವಿಧಾನಗಳಿಗೆ, ಅಲ್ಲಿಂದ ಪ್ರಶ್ನೋತ್ತರಕ್ಕೆ ಹಾರುತ್ತ ಹೋದರೆ ಪ್ರತಿ ಬಾರಿಯೂ ಹಳೆಯ ನೆನಪನ್ನು ಅಳಿಸಿ ಮೊದಲಿನಿಂದ ಬರೆದಂತಾಗುತ್ತದೆ. ಸ್ಲೇಟು ಖಾಲಿಯಾದ ಜಾಗದಲ್ಲಿ ಎದುರಾಳಿ ನಿಲ್ಲುತ್ತಾನೆ, ವರ್ಷದ ಬಳಿಕ ಹೊಸ ಗ್ರಾಹಕರ ಪಾಲಿಗೆ ಸ್ಲೇಟು ಅವನದೇ. ರೂಪ ಬದಲಿಸುವುದು ಒಂದು ಸಂದರ್ಭದಲ್ಲಿ ಮಾತ್ರ ಸರಿ: ಆ ರೂಪ ನಿಮ್ಮ ಗುರುತಾಗಿರಲೇ ಇಲ್ಲ, ಎಲ್ಲರೂ ಮಾಡುತ್ತಿದ್ದ ಆ ಕಾಲದ ಚಲಾವಣೆಯಾಗಿತ್ತು ಎಂಬುದು ಖಚಿತವಾದಾಗ. ಅದನ್ನು ಖಚಿತಪಡಿಸಿಕೊಳ್ಳಲು ಅಳತೆ ಬೇಕು.

ಗುರುತನ್ನು ಅಳೆದು ಉಳಿಸುವ ದಾರಿ

ಅಮುಲ್ ಬೆಣ್ಣೆಯ ಚುಕ್ಕಿ ಫ್ರಾಕಿನ ಹುಡುಗಿ 1966ರಿಂದ ದಿನದ ಸುದ್ದಿಗೆ ಪ್ರತಿಕ್ರಿಯಿಸುತ್ತ ಬಂದಿದ್ದಾಳೆ. ಸುದ್ದಿಗೆ ತಕ್ಕ ಜಾಹೀರಾತು ಮಾಡುವ ರೀತಿಯನ್ನು ಇಂದು ಲೆಕ್ಕವಿಲ್ಲದಷ್ಟು ಬ್ರ್ಯಾಂಡುಗಳು ಅನುಸರಿಸುತ್ತವೆ, ಆದರೆ ಹೆಸರು ಮುಚ್ಚಿ ತೋರಿಸಿದರೂ ಆ ಹುಡುಗಿ ಯಾರ ಕಡೆಯವಳೆಂದು ಜನ ಹೇಳುತ್ತಾರೆ. ರೂಪ ಎಲ್ಲರದಾಯಿತು, ಗುರುತು ಅವರಲ್ಲಿಯೇ ಉಳಿಯಿತು. ನಮ್ಮ ರಾಜ್ಯದಲ್ಲಿಯೂ ಗಂಧದ ಪರಿಮಳದ ಸಾಬೂನುಗಳು ಹಲವಾರು ಬಂದಿವೆ. 1916ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರ ಮತ್ತು ಶರಭದ ಲಾಂಛನ ಮಾತ್ರ ಅದನ್ನೇ ನೆನಪಿಸುತ್ತವೆ.

ನಿಮ್ಮಲ್ಲಿ ಅಂತಹ ಗುರುತು ಯಾವುದು ಎಂದು ಊಹಿಸುವ ಬದಲು ಅಳೆಯಬಹುದು. ಆಸ್ಟ್ರೇಲಿಯಾದ ಎರೆನ್‌ಬರ್ಗ್-ಬಾಸ್ ಸಂಸ್ಥೆಯ ಸಂಶೋಧಕರು ಬಳಕೆಗೆ ತಂದ ವಿಧಾನವು ಚಿಕ್ಕ ಉದ್ಯಮಕ್ಕೂ ನಿಲುಕುವಂತಹುದು. ಬ್ರ್ಯಾಂಡಿನ ಹೆಸರನ್ನು ಮುಚ್ಚಿ, ಒಂದೊಂದು ಕುರುಹನ್ನೂ ಪ್ರತ್ಯೇಕವಾಗಿ ತೋರಿಸಿ ಅಥವಾ ಕೇಳಿಸಿ, "ಇದು ಯಾರದು ಅನ್ನಿಸುತ್ತದೆ?" ಎಂದು ಮಾತ್ರ ಕೇಳಬೇಕು, ಉತ್ತರದ ಆಯ್ಕೆಗಳನ್ನು ಕೊಡಬಾರದು. ಬಂದ ಉತ್ತರಗಳಿಂದ ಎರಡು ಲೆಕ್ಕ ತೆಗೆಯಬೇಕು: ಕೇಳಿದವರೆಲ್ಲರಲ್ಲಿ ಎಷ್ಟು ಮಂದಿ ನಿಮ್ಮ ಹೆಸರು ಹೇಳಿದರು ಎಂಬುದು ಪರಿಚಿತತೆ, ಯಾವುದೋ ಒಂದು ಬ್ರ್ಯಾಂಡಿನ ಹೆಸರು ಬಂದ ಉತ್ತರಗಳಲ್ಲಿ ನಿಮ್ಮ ಪಾಲು ಎಷ್ಟು ಎಂಬುದು ಅನನ್ಯತೆ.

ನಮ್ಮ ಒಡತಿ ಗಾಣದ ಎಣ್ಣೆ ಕೊಳ್ಳುವ 40 ಮಂದಿಗೆ ವಾಟ್ಸಾಪ್‌ನಲ್ಲಿ ಮೂರು ಕುರುಹುಗಳನ್ನು ಕಳುಹಿಸಿದರೆಂದು ಇಟ್ಟುಕೊಳ್ಳೋಣ: ಸ್ಲೇಟಿನ ಚಿತ್ರ, ಅತ್ತೆಯ ದನಿಯ ಐದು ಸೆಕೆಂಡಿನ ತುಣುಕು, ಸೀಸೆಯ ಕತ್ತಿಗೆ ಕಟ್ಟುವ ಕೆಂಪು ನೂಲಿನ ಚಿತ್ರ. ಸ್ಲೇಟನ್ನು ನೋಡಿ 26 ಮಂದಿ ಯಾವುದೋ ಹೆಸರು ಹೇಳಿದರು. ಅವರಲ್ಲಿ 13 ಮಂದಿ ಇವರದೆಂದರು, ಉಳಿದ 13 ಮಂದಿ ಎದುರಾಳಿಯದೆಂದರು. ಸ್ಲೇಟಿನ ಪರಿಚಿತತೆ ನೂರಕ್ಕೆ ಸುಮಾರು 33, ಅನನ್ಯತೆ 50. ದನಿಯನ್ನು ಕೇಳಿ 22 ಮಂದಿ ಹೆಸರು ಹೇಳಿದರು, ಅದರಲ್ಲಿ 20 ಇವರದೇ. ಪರಿಚಿತತೆ 50, ಅನನ್ಯತೆ ಸುಮಾರು 91. ಕೆಂಪು ನೂಲನ್ನು ಗುರುತಿಸಿದವರು 9 ಮಂದಿ ಮಾತ್ರ, ಆದರೆ ಒಂಬತ್ತೂ ಇವರ ಹೆಸರೇ.

ಈ ಮೂರು ಸಾಲುಗಳು ಮೂರು ಬೇರೆ ನಿರ್ಧಾರಗಳನ್ನು ಕೇಳುತ್ತವೆ. ದನಿಯು ಈಗಾಗಲೇ ಇವರ ಸೊತ್ತು, ಅದು ವಿಡಿಯೊದ ಕೊನೆಗಲ್ಲ, ಮೊದಲ ಎರಡು ಸೆಕೆಂಡಿಗೆ ಬರಬೇಕು. ಕೆಂಪು ನೂಲನ್ನು ಯಾರೂ ತಪ್ಪಾಗಿ ಗುರುತಿಸುತ್ತಿಲ್ಲ, ಆದರೆ ಬಹಳ ಮಂದಿ ಅದನ್ನು ಗಮನಿಸಿಯೇ ಇಲ್ಲ. ಆದ್ದರಿಂದ ಅದನ್ನು ಪೆಟ್ಟಿಗೆಯ ಮೇಲೆ, ಬಿಲ್ಲಿನ ಮೇಲೆ, ಪ್ರತಿ ಚಿತ್ರದಲ್ಲಿ ಕಣ್ಣಿಗೆ ಬೀಳುವಂತೆ ತರಬೇಕು. ಸ್ಲೇಟನ್ನು ಬಿಸಾಡಬಾರದು, ಅದನ್ನು ಒಂಟಿಯಾಗಿ ತೋರಿಸುವುದನ್ನು ನಿಲ್ಲಿಸಿ, ಅದರ ಚೌಕಟ್ಟಿಗೆ ಅದೇ ಕೆಂಪು ನೂಲನ್ನು ಕಟ್ಟಿ, ದನಿಯ ಜೊತೆಗೆ ತರಬೇಕು. ಹೀಗೆ ಅರ್ಧ ಕೈತಪ್ಪಿದ ಗುರುತನ್ನು ಕೈಯಲ್ಲಿರುವ ಗುರುತಿಗೆ ಬಿಗಿದಂತಾಗುತ್ತದೆ.

ಅಳತೆಯು ಹಾದಿ ತಪ್ಪುವುದು ಕೇಳುವ ಜನರಿಂದ. ನೆಂಟರನ್ನೂ ಪ್ರತಿ ವಿಡಿಯೊಗೆ ಹೃದಯದ ಚಿಹ್ನೆ ಹಾಕುವವರನ್ನೂ ಮಾತ್ರ ಕೇಳಿದರೆ ಎಲ್ಲ ಕುರುಹೂ ಗಟ್ಟಿಯಾಗಿಯೇ ಕಾಣುತ್ತದೆ. ಅರ್ಧದಷ್ಟಾದರೂ ಮಂದಿ ಇದೇ ಬಗೆಯ ಎಣ್ಣೆಯನ್ನು ಬೇರೆಯವರಿಂದ ಕೊಳ್ಳುವವರಾಗಿರಬೇಕು. 40 ಮಂದಿಯ ಲೆಕ್ಕದಲ್ಲಿ ನಾಲ್ಕೈದು ಉತ್ತರಗಳ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು. 50 ಮತ್ತು 91ರ ನಡುವಿನಂತಹ ಅಂತರವನ್ನಷ್ಟೇ ನಂಬಬೇಕು.

ದಾಖಲೆಯ ಮೇಲೆ ನಿಲ್ಲುವ ದಾರಿ

ನನ್ನ ಒಲವು ಇರುವುದು ಗುರುತಿನ ದಾರಿಯನ್ನು ಇದರೊಡನೆ ಕೂಡಿಸುವುದರಲ್ಲಿ. ಎದುರಾಳಿ ಸ್ಲೇಟನ್ನು ತರಬಹುದು, ಆದರೆ ಸ್ಲೇಟಿನ ಮೇಲೆ ಏನು ಬರೆಯುತ್ತಾನೆ? ಮರದ ಗಾಣದಲ್ಲಿ ಒಂದು ಲೀಟರ್ ಶೇಂಗಾ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕಾಗುತ್ತದೆ, ಆದರೆ ಅದು ಎಂದೂ ಒಂದೇ ಸಮನಾಗಿರುವುದಿಲ್ಲ. ಕಾಯಿ ಕಟ್ಟುವಾಗ ಮಳೆ ಕೈಕೊಟ್ಟಿದ್ದರೆ ಬೀಜ ಸೊರಗಿ ಎಣ್ಣೆ ಇಳಿಯುವುದು ಕಡಿಮೆ, ಬೀಜದಲ್ಲಿ ಹಸಿ ಉಳಿದಿದ್ದರೆ ಹಿಂಡಿಯಲ್ಲಿಯೇ ಎಣ್ಣೆ ನಿಂತುಬಿಡುತ್ತದೆ. ಒಂದು ವಾರ 40 ಕೆ.ಜಿ.ಗೆ 16 ಲೀಟರ್, ಮುಂದಿನ ವಾರ ಅಷ್ಟೇ ಬೀಜಕ್ಕೆ ಹದಿನಾಲ್ಕೂವರೆ ಲೀಟರ್ ಎಂದು ಬರೆದು, ಏಕೆಂದು ಅತ್ತೆ ಹೇಳುವ ಆ ಸ್ಲೇಟು ನಿಜವಾದ ಗಾಣದ ಪಕ್ಕದಲ್ಲಿ ಮಾತ್ರ ಹುಟ್ಟುತ್ತದೆ. ಹೊರಗಿನಿಂದ ಎಣ್ಣೆ ತಂದು ಸೀಸೆ ತುಂಬುವವರು ಅಂಕಿಗಳನ್ನು ಕಟ್ಟಬಹುದು, ಆದರೆ ಕಟ್ಟಿದ ಅಂಕಿಗಳು ವಾರ ವಾರಕ್ಕೂ ನುಣುಪಾಗಿರುತ್ತವೆ; ಆರು ತಿಂಗಳ ಸ್ಲೇಟುಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಗೃಹಿಣಿಗೂ ಅದು ಕಾಣುತ್ತದೆ.

ಆದುದರಿಂದ ಸ್ಲೇಟಿನ ಲೆಕ್ಕವನ್ನು ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆಗೆ ಜೋಡಿಸಬೇಕು. ಕೊಂಡವರು ತಮ್ಮ ಸೀಸೆಯ ಸಂಖ್ಯೆ ನೋಡಿ ಆ ದಿನದ ವಿಡಿಯೊ ತೆರೆದಾಗ, ತಮ್ಮ ಅಡುಗೆಮನೆಯ ಎಣ್ಣೆ ಯಾವ ಬೀಜದ್ದು ಎಂದು ತಿಳಿಯಬೇಕು. ಈ ದಾರಿಗೆ ಹಣ ಹೆಚ್ಚು ಬೇಡ, ಶಿಸ್ತು ಬಹಳ ಬೇಕು. ಗಾಣ ಕೆಟ್ಟ ವಾರವೂ "ಈ ವಾರ ಗಾಣ ನಿಂತಿದೆ" ಎಂದು ಬರೆಯಬೇಕಾಗುತ್ತದೆ. ಉತ್ಪಾದನೆ ತಮ್ಮ ಕೈಯಲ್ಲಿಲ್ಲದವರಿಗೆ ಈ ದಾರಿ ಹೊಂದುವುದಿಲ್ಲ, ಅವರು ಗುರುತಿನ ದಾರಿಯನ್ನೇ ಹಿಡಿಯಬೇಕು.

ಅಭಿಯಾನಕ್ಕೂ ಇದೇ ಪರೀಕ್ಷೆ. "ಸೀಸೆ ತನ್ನಿ, 30 ರೂಪಾಯಿ ಉಳಿಸಿ" ಎಂಬುದನ್ನು ಎದುರಾಳಿ 40 ರೂಪಾಯಿ ಮಾಡಿದೊಡನೆ ಅದು ಅವನ ಅಭಿಯಾನ. ಅದರ ಬದಲು, ಮರಳಿ ಬಂದ ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು, ತೇವ ಉಳಿದರೆ ಎಣ್ಣೆ ಕೆಡುವುದರಿಂದ ಪೂರ್ತಿ ಒಣಗಿಸಿ, ಮತ್ತೆ ತುಂಬುವ ಮುನ್ನ ಅದರ ತಳದಲ್ಲಿ ಒಂದು ಬಿಳಿ ಚುಕ್ಕಿ ಇಟ್ಟರೆ, ಪ್ರತಿ ಸುತ್ತಿಗೂ ಚುಕ್ಕಿ ಬೆಳೆಯುತ್ತದೆ. ಚುಕ್ಕಿಯ ಯೋಚನೆಯನ್ನೂ ನಕಲು ಮಾಡಬಹುದು, ಆದರೆ ನಕಲು ಮಾಡಿದವನು ಮೊದಲ ಚುಕ್ಕಿಯಿಂದ ಶುರುಮಾಡುವಾಗ ಇವರ ಗ್ರಾಹಕರ ಮನೆಯಲ್ಲಿ ಆರು ಚುಕ್ಕಿಯ ಸೀಸೆ ಇರುತ್ತದೆ.

ಯಾವಾಗ ಯಾವುದು

ಕೆಲವೊಮ್ಮೆ ಏನೂ ಮಾಡದಿರುವುದೂ ಸರಿಯಾದ ಆಯ್ಕೆ, ಆದರೆ ಅದನ್ನೂ ಲೆಕ್ಕದಿಂದ ಆರಿಸಬೇಕು. ಒಂದು ತಿಂಗಳು ಒಂದು ಪುಸ್ತಕದಲ್ಲಿ ತಪ್ಪು ಗುರುತಿನ ಘಟನೆಗಳನ್ನಷ್ಟೇ ಬರೆದಿಡಿ: ಎದುರಾಳಿಯ ವಿಡಿಯೊಗೆ ನಿಮ್ಮ ಖಾತೆಯನ್ನು ಟ್ಯಾಗ್ ಮಾಡಿದವರು, ಅವರ ಎಣ್ಣೆ ಸೋರಿದ್ದಕ್ಕೆ ನಿಮಗೆ ದೂರು ಕಳುಹಿಸಿದವರು, "ನಿಮ್ಮದೇ ಇನ್ನೊಂದು ಹೆಸರಾ?" ಎಂದು ಕೇಳಿದವರು. ಮೆಚ್ಚುಗೆಗಳ ಇಳಿಕೆಯನ್ನು ಇದರಲ್ಲಿ ಸೇರಿಸಬೇಡಿ, ಅದಕ್ಕೆ ನೂರು ಕಾರಣಗಳಿರುತ್ತವೆ. ತಿಂಗಳ ಕೊನೆಗೆ ಪುಟ ಬಹುಮಟ್ಟಿಗೆ ಖಾಲಿಯಿದ್ದು, ಹಳೆಯ ಗ್ರಾಹಕರ ಮರುಖರೀದಿ ಎಂದಿನಂತಿದ್ದರೆ, ಎತ್ತಿಕೊಂಡ ಫೋಟೊದ ಬಗ್ಗೆ ಒಂದು ದೂರು ಕೊಟ್ಟು ಉಳಿದದ್ದನ್ನು ಬಿಟ್ಟುಬಿಡಿ. ಪುಟ ತುಂಬಿದ್ದರೆ ಆ ಗೊಂದಲ ಹೆಸರಿನಿಂದ ಬಂದದ್ದೇ, ಸೀಸೆಯ ನೋಟದಿಂದ ಬಂದದ್ದೇ, ಹೇಳುವ ರೀತಿಯಿಂದ ಬಂದದ್ದೇ ಎಂದು ಗುರುತು ಹಾಕಿ. ಮೊದಲೆರಡರಿಂದ ಬಂದಿದ್ದರೆ ತಾರೀಖು ಮತ್ತು ಸ್ಕ್ರೀನ್‌ಶಾಟ್‌ಗಳಿರುವ ಅದೇ ಪುಸ್ತಕವನ್ನು ವಕೀಲರ ಬಳಿಗೆ ಒಯ್ಯಿರಿ. ತನ್ನ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವ ಪ್ರಕರಣಗಳಲ್ಲಿ ಗ್ರಾಹಕರು ನಿಜವಾಗಿ ಗೊಂದಲಗೊಂಡದ್ದಕ್ಕೆ ಸಾಕ್ಷ್ಯವಿರುವುದು ಬಹಳ ನೆರವಾಗುತ್ತದೆ, ಮತ್ತು ನೋಂದಣಿಯಾಗದ ಗುರುತಿಗೂ ಈ ಪರಿಹಾರ ಉಂಟು. ಮೂರನೆಯದರಿಂದ ಬಂದಿದ್ದರೆ ನ್ಯಾಯಾಲಯವನ್ನು ಮರೆತು, ನೂಲು, ದನಿ ಮತ್ತು ಬ್ಯಾಚ್ ಸಂಖ್ಯೆಗಳ ಕೆಲಸವನ್ನು ಆ ವಾರವೇ ಆರಂಭಿಸಿ.

ಮೂರು ತಿಂಗಳ ಬಳಿಕ ಬೇರೆ 40 ಮಂದಿಗೆ ಅದೇ ಕುರುಹುಗಳನ್ನು ಮತ್ತೆ ಕಳುಹಿಸಬೇಕು. ಕೆಂಪು ನೂಲನ್ನು ಗುರುತಿಸುವವರು ಒಂಬತ್ತರಿಂದ ಹದಿನೆಂಟಕ್ಕೆ ಏರಿ, ಅನನ್ಯತೆ ತೊಂಬತ್ತರ ಆಸುಪಾಸಿನಲ್ಲಿ ನಿಂತಿದ್ದರೆ, ನಮ್ಮ ಒಡತಿ ಆಗ ಬೇಕಿದ್ದರೆ ಸ್ಲೇಟನ್ನು ಗಾಣದ ಮನೆಯ ಗೋಡೆಗೆ ತೂಗುಹಾಕಿ, ಅದೇ ಲೆಕ್ಕವನ್ನು ಸೀಸೆಯ ಚೀಟಿಯ ಮೇಲೆ ಮಾತ್ರ ಬರೆಯಬಹುದು.